‘ಅವ್ಯವಸ್ಥೆ’ಯನ್ನು ಪಾಠಯೋಜನೆಯಿಂದ ಹೊರಗಿಡೋಣ

ಬೋಧನಾಭ್ಯಾಸದ ಮೂರನೇ ವಾರ ಪ್ರಥಮ ಪಿಯುಸಿ ವಿಜ್ಞಾನ ವಿಭಾಗಕ್ಕೆ ಎಂಟ್ರೊಪಿಯ ಪಾಠ ಮಾಡುವ ಅವಕಾಶ ನನಗೆ ಸಿಕ್ಕಿತ್ತು. ಪಾಠಯೋಜನೆಯಲ್ಲಿ ಪೀಠಿಕೆಗೆಂದು ಹಾಸ್ಟೆಲ್ ಕೋಣೆಯ ಉದಾಹರಣೆ ಬರೆದುಕೊಂಡಿದ್ದೆ. ಜೋಡಿಸಿಟ್ಟ ಕೋಣೆ ತಾನಾಗಿಯೇ ಹರಡಿಹೋಗುತ್ತದೆ, ಹರಡಿದ ಕೋಣೆ ತಾನಾಗಿಯೇ ಜೋಡಣೆಯಾಗುವುದಿಲ್ಲ. ಹೀಗೆ ಜಗತ್ತಿನಲ್ಲಿ ಅವ್ಯವಸ್ಥೆ ಹೆಚ್ಚುತ್ತಲೇ ಹೋಗುತ್ತದೆ, ಆ ಅವ್ಯವಸ್ಥೆಯ ಅಳತೆಯೇ ಎಂಟ್ರೊಪಿ, ಇದೇ ಉಷ್ಣಗತಿಶಾಸ್ತ್ರದ ಎರಡನೇ ನಿಯಮ ಎಂದೆ. ಮಕ್ಕಳು ನಕ್ಕರು, ತಲೆಯಾಡಿಸಿದರು. ಪೀಠಿಕೆ ಗೆದ್ದಿತು ಎಂದುಕೊಂಡೆ.

ಆಗ ಎರಡನೇ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿದಳು. “ಮಿಸ್, ನೀರು ಐಸ್ ಆದಾಗ ಅಣುಗಳು ಸಾಲಾಗಿ ಕೂತ್ಕೊಳ್ತವಲ್ಲ, ಆಗ ಅವ್ಯವಸ್ಥೆ ಕಡಿಮೆ ಆಯ್ತಲ್ಲ? ಹಾಗಾದ್ರೆ ನಿಯಮ ತಪ್ಪಾ?”

“ಅದು ಫ್ರಿಡ್ಜ್ ಕರೆಂಟ್ ಖರ್ಚು ಮಾಡಿ ಮಾಡಿಸೋದು, ತಾನಾಗಿಯೇ ಆಗೋದಲ್ಲ” ಎಂದೆ.

“ಕಾಶ್ಮೀರದಲ್ಲಿ ದಾಲ್ ಸರೋವರ ಹೆಪ್ಪುಗಟ್ಟೋದನ್ನ ಟಿವಿಯಲ್ಲಿ ತೋರಿಸಿದ್ರು ಮಿಸ್. ಅಲ್ಲಿ ಕರೆಂಟ್ ಯಾರು ಕೊಡ್ತಾರೆ?”

ನನ್ನ ಬಳಿ ಉತ್ತರವಿರಲಿಲ್ಲ. “ನಾಳೆ ನೋಡೋಣ” ಎಂದು ಮುಂದಿನ ಅಂಶಕ್ಕೆ ಹೋದೆ. ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಮಾರ್ಗದರ್ಶಕ ಉಪನ್ಯಾಸಕರು ವೀಕ್ಷಣಾ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: “ನೀರಿನ ಲೆಕ್ಕ ಹೇಳಿದಿರಿ, ಗಾಳಿಯ ಲೆಕ್ಕ ಹೇಳಲಿಲ್ಲ.”

ಆ ಸಾಲಿನಿಂದ ನಾನು ಕಲಿತದ್ದೇ ಈ ಲೇಖನ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಎಂಟ್ರೊಪಿಯ ಪಾಠವನ್ನು ‘ಅವ್ಯವಸ್ಥೆ’ ಎಂಬ ಪದದಿಂದ ಆರಂಭಿಸಬಾರದು, ಹರಡಿದ ಕೋಣೆಯ ಉದಾಹರಣೆಯನ್ನು ಕೊಡಲೇಬಾರದು. ಶಕ್ತಿ ಹೇಗೆ ಹಂಚಿಕೆಯಾಗುತ್ತದೆ ಎಂಬುದರಿಂದ ಆರಂಭಿಸಬೇಕು. ಅದಕ್ಕೆ ಬೇಕಾದದ್ದು ಒಂದು ಭಾಗಾಕಾರ ಮತ್ತು ಒಂದು ಹಿಡಿ ಹುಣಸೆ ಬೀಜ.

ಮೊದಲು ಆ ಹುಡುಗಿಯ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಜರ್ಮನಿಯ ಕ್ಲಾಸಿಯಸ್ 1865ರಲ್ಲಿ ‘ಎಂಟ್ರೊಪಿ’ ಎಂಬ ಹೆಸರು ಕೊಟ್ಟಾಗ ಅದಕ್ಕೂ ಅವ್ಯವಸ್ಥೆಗೂ ಸಂಬಂಧವಿರಲಿಲ್ಲ. ಪರಿವರ್ತನೆ ಎಂಬ ಅರ್ಥದ ಗ್ರೀಕ್ ಪದವೊಂದರಿಂದ ಆತ ಆ ಹೆಸರನ್ನು ಕಟ್ಟಿದ. ಆತನ ಲೆಕ್ಕ ಸರಳ. ಒಂದು ವಸ್ತುವಿನ ತಾಪ ಬದಲಾಗದಂತೆ ಅದಕ್ಕೆ q ಜೂಲ್ ಉಷ್ಣ ಸೇರಿದರೆ ಅದರ ಎಂಟ್ರೊಪಿ q/T ಯಷ್ಟು ಏರುತ್ತದೆ, ಅಷ್ಟೇ ಉಷ್ಣ ಹೊರಹೋದರೆ ಅಷ್ಟೇ ಇಳಿಯುತ್ತದೆ. T ಎಂದರೆ ಕೆಲ್ವಿನ್‌ನಲ್ಲಿ ಅಳೆದ ತಾಪ. ಒಂದು ಬದಲಾವಣೆಯಲ್ಲಿ ಪಾಲ್ಗೊಂಡ ಎಲ್ಲ ವಸ್ತುಗಳ ಏರಿಳಿತವನ್ನು ಕೂಡಿದಾಗ ಮೊತ್ತ ಎಂದಿಗೂ ಋಣವಾಗುವುದಿಲ್ಲ ಎಂಬುದೇ ಎರಡನೇ ನಿಯಮ. ‘ಎಲ್ಲ ವಸ್ತುಗಳ’ ಎಂಬುದರಲ್ಲೇ ನನ್ನ ಪಾಠ ಎಡವಿದ್ದು.

ಸರೋವರದ ಮೇಲ್ಪದರದಿಂದ 100 ಗ್ರಾಂ ನೀರನ್ನು ಮನಸ್ಸಿನಲ್ಲೇ ತೆಗೆದುಕೊಳ್ಳೋಣ. ಅದರ ತಾಪ 0 ಡಿಗ್ರಿ ಸೆಲ್ಸಿಯಸ್, ಅಂದರೆ 273 ಕೆಲ್ವಿನ್. ಮೇಲಿನ ಗಾಳಿ ಮೈನಸ್ 5 ಡಿಗ್ರಿ, ಅಂದರೆ 268 ಕೆಲ್ವಿನ್. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು 334 ಜೂಲ್ ಗುಪ್ತೋಷ್ಣವನ್ನು ಹೊರಬಿಡುತ್ತದೆ. 100 ಗ್ರಾಂಗೆ 33,400 ಜೂಲ್. ಈ ಉಷ್ಣ ನೀರಿನಿಂದ ಹೊರಬಿತ್ತು, ಆದ್ದರಿಂದ ನೀರಿನ ಎಂಟ್ರೊಪಿ 33,400ನ್ನು 273ರಿಂದ ಭಾಗಿಸಿದಷ್ಟು, ಅಂದರೆ 122.3 ಘಟಕ ಇಳಿಯಿತು. (ಘಟಕವೆಂದರೆ ಕೆಲ್ವಿನ್‌ಗೆ ಇಷ್ಟು ಜೂಲ್ ಎಂದು.) ಅದೇ 33,400 ಜೂಲ್ ಗಾಳಿಗೆ ಸೇರಿತು. ಗಾಳಿ ಎಷ್ಟು ವಿಶಾಲವೆಂದರೆ ಅಷ್ಟರಿಂದ ಅದರ ತಾಪ ಬದಲಾಗದು. ಗಾಳಿಯ ಎಂಟ್ರೊಪಿ 33,400ನ್ನು 268ರಿಂದ ಭಾಗಿಸಿದಷ್ಟು, ಅಂದರೆ 124.6 ಘಟಕ ಏರಿತು. ಕೂಡಿದರೆ ಒಟ್ಟು 2.3 ಘಟಕ ಏರಿಕೆ. ನಿಯಮ ತಪ್ಪಲಿಲ್ಲ. ನೀರು ತಾನಾಗಿಯೇ ಹೆಪ್ಪುಗಟ್ಟುತ್ತದೆ, ಯಾರೂ ಕರೆಂಟ್ ಕೊಡಬೇಕಿಲ್ಲ.

ಈಗ ಗಾಳಿಯ ತಾಪವನ್ನು ಮಾತ್ರ ಬದಲಿಸಿ ನೋಡೋಣ. ಗಾಳಿಯೂ ಸರಿಯಾಗಿ 0 ಡಿಗ್ರಿಯಲ್ಲಿದ್ದರೆ ನೀರಿನ ಇಳಿಕೆ 122.3, ಗಾಳಿಯ ಏರಿಕೆಯೂ 122.3. ಮೊತ್ತ ಸೊನ್ನೆ. ನೀರು, ಮಂಜುಗಡ್ಡೆ ಎರಡೂ ಒಟ್ಟಿಗೆ ಇರಬಹುದು. ಇದನ್ನೇ ಸಮತೋಲನ ಎನ್ನುತ್ತೇವೆ. ಗಾಳಿ 5 ಡಿಗ್ರಿಯಷ್ಟು ಬೆಚ್ಚಗಿದ್ದರೆ, ಅಂದರೆ 278 ಕೆಲ್ವಿನ್‌ನಲ್ಲಿದ್ದರೆ, ಗಾಳಿಗೆ ಸಿಗುವುದು 120.1 ಮಾತ್ರ. ಮೊತ್ತ ಮೈನಸ್ 2.2. ನೀರು ಹೆಪ್ಪುಗಟ್ಟಲಾರದು. ಇದ್ದ ಮಂಜುಗಡ್ಡೆಯೇ ಕರಗುತ್ತದೆ, ಏಕೆಂದರೆ ಆ ದಿಕ್ಕಿನಲ್ಲಿ ಮೊತ್ತ ಪ್ಲಸ್ 2.2.

ಈ ಮೂರು ಸಾಲುಗಳನ್ನು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬರೆದಾಗ ನನ್ನ ಕಣ್ಣು ತೆರೆಯಿತು. ಮೂರರಲ್ಲೂ ನೀರಿನ ಇಳಿಕೆ ಅದೇ 122.3. ಅಣುಗಳು ಸಾಲಾಗಿ ಕೂರುವುದು ಮೂರರಲ್ಲೂ ಒಂದೇ ರೀತಿ. ನೀರಿನೊಳಗಿನ ಜೋಡಣೆಯನ್ನು ಎಷ್ಟು ನೋಡಿದರೂ ಅದು ಹೆಪ್ಪುಗಟ್ಟುತ್ತದೋ ಕರಗುತ್ತದೋ ತಿಳಿಯದು. ತೀರ್ಮಾನವಾಗುವುದು ಗಾಳಿಯ ಕಡೆ. ಆದರೆ ಗಾಳಿಯ ಕಡೆ ಕಣ್ಣಿಗೆ ಕಾಣುವ ಅವ್ಯವಸ್ಥೆ ಏನಿದೆ? ಮೊದಲೂ ಗಾಳಿ, ಆಮೇಲೂ ಗಾಳಿ. ಅಲ್ಲಿ ಆದದ್ದು ಇಷ್ಟೇ: ನೀರಿನಲ್ಲಿ ಒಟ್ಟಾಗಿದ್ದ ಒಂದಷ್ಟು ಶಕ್ತಿ ತಂಪಾದ ಗಾಳಿಯ ಅಸಂಖ್ಯ ಅಣುಗಳಿಗೆ ಹಂಚಿಹೋಯಿತು. ‘ಅವ್ಯವಸ್ಥೆ’ ಎಂಬ ಪದ ಮಕ್ಕಳ ದೃಷ್ಟಿಯನ್ನು ನೀರಿನ ಮೇಲೆಯೇ ನಿಲ್ಲಿಸುತ್ತದೆ; ‘ಶಕ್ತಿಯ ಹಂಚಿಕೆ’ ಎಂಬ ಮಾತು ಅದನ್ನು ಗಾಳಿಯ ಕಡೆಗೂ ಕರೆದೊಯ್ಯುತ್ತದೆ.

ಫ್ರಿಡ್ಜಿನ ಬಗ್ಗೆ ನಾನು ಕೊಟ್ಟ ಉತ್ತರ ಎಷ್ಟು ಸರಿ, ಎಷ್ಟು ತಪ್ಪು ಎಂಬುದೂ ಇದೇ ಲೆಕ್ಕದಿಂದ ಗೊತ್ತಾಗುತ್ತದೆ. ಫ್ರಿಡ್ಜ್ ಉಷ್ಣವನ್ನು ಬಿಡುವುದು ಅಡುಗೆಮನೆಯ ಗಾಳಿಗೆ. ಅದು 27 ಡಿಗ್ರಿ, ಅಂದರೆ 300 ಕೆಲ್ವಿನ್ ಎನ್ನಿ. 33,400ನ್ನು 300ರಿಂದ ಭಾಗಿಸಿದರೆ ಸಿಗುವುದು 111.3 ಮಾತ್ರ, ನೀರಿನ 122.3ರ ಇಳಿಕೆಗೆ ಇದು ಸಾಲದು. ಸರಿದೂಗಬೇಕಾದರೆ ಅಡುಗೆಮನೆಗೆ ಕನಿಷ್ಠ 36,700 ಜೂಲ್ ಸೇರಬೇಕು. ನೀರಿನಿಂದ ಬಂದದ್ದು 33,400. ಉಳಿದ 3,300 ಜೂಲನ್ನು ಕರೆಂಟ್ ಕೊಡಬೇಕು. ಇದು ಕನಿಷ್ಠ ಮೊತ್ತ. ನಿಜವಾದ ಯಂತ್ರ ಇದಕ್ಕಿಂತ ಹೆಚ್ಚೇ ತೆಗೆದುಕೊಳ್ಳುತ್ತದೆ. ಫ್ರಿಡ್ಜಿನ ಹಿಂಭಾಗ ಬಿಸಿಯಾಗಿರುವುದೂ ಇದಕ್ಕೇ. ಅಂದರೆ ಕರೆಂಟ್ ಬೇಕಾಗುವುದು ನೀರು ಮಂಜುಗಡ್ಡೆಯಾಗುತ್ತಿದೆ ಎಂಬ ಕಾರಣಕ್ಕಲ್ಲ, ಸುತ್ತಲಿನ ಗಾಳಿ ನೀರಿಗಿಂತ ಬೆಚ್ಚಗಿದೆ ಎಂಬ ಕಾರಣಕ್ಕೆ. ದಾಲ್ ಸರೋವರದ ಮೇಲೆ ಗಾಳಿ ತಂಪಾಗಿದೆ, ಅಲ್ಲಿ ಆ ವೆಚ್ಚವಿಲ್ಲ.

ಇಲ್ಲಿ ಜಾಣ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆಯೊಂದಿದೆ. ತಾಪದಿಂದ ಏಕೆ ಭಾಗಿಸಬೇಕು? ಅದೇ ಉಷ್ಣ ತಂಪಾದ ವಸ್ತುವಿಗೆ ಸೇರಿದರೆ ಎಂಟ್ರೊಪಿ ಹೆಚ್ಚು ಏರುವುದೇಕೆ? ‘ಅವ್ಯವಸ್ಥೆ’ಯಿಂದ ಇದಕ್ಕೆ ಉತ್ತರ ಸಿಗುವುದಿಲ್ಲ. ಹುಣಸೆ ಬೀಜದಿಂದ ಸಿಗುತ್ತದೆ.

ಎರಡು ತಟ್ಟೆ ತೆಗೆದುಕೊಳ್ಳಿ, ಒಂದೊಂದರಲ್ಲೂ ಎರಡೆರಡು ಬಟ್ಟಲು ಇಡಿ. ತಟ್ಟೆಯೆಂದರೆ ಒಂದು ವಸ್ತು, ಬಟ್ಟಲೆಂದರೆ ಅದರ ಒಂದು ಪರಮಾಣು, ಬೀಜವೆಂದರೆ ಶಕ್ತಿಯ ಒಂದು ಪಾಲು. ಒಟ್ಟು ನಾಲ್ಕು ಬೀಜಗಳು. ಮೊದಲ ತಟ್ಟೆ ಬಿಸಿ, ನಾಲ್ಕೂ ಬೀಜ ಅದರಲ್ಲಿ. ಎರಡನೆಯದು ತಂಪು, ಅದು ಖಾಲಿ. ನಾಲ್ಕು ಬೀಜಗಳನ್ನು ಎರಡು ಬಟ್ಟಲಿಗೆ ಐದು ರೀತಿ ಹಂಚಬಹುದು: 4-0, 3-1, 2-2, 1-3, 0-4. ಖಾಲಿ ತಟ್ಟೆಗೆ ಒಂದೇ ರೀತಿ. ಎರಡೂ ಸೇರಿ 5 × 1 = 5 ರೀತಿ.

ಈಗ ಒಂದು ಬೀಜವನ್ನು ಬಿಸಿ ತಟ್ಟೆಯಿಂದ ತಂಪು ತಟ್ಟೆಗೆ ದಾಟಿಸಿ. ಬಿಸಿ ತಟ್ಟೆಯ ಮೂರು ಬೀಜಕ್ಕೆ ನಾಲ್ಕು ರೀತಿ, ತಂಪು ತಟ್ಟೆಯ ಒಂದು ಬೀಜಕ್ಕೆ ಎರಡು ರೀತಿ, ಸೇರಿ 8. ಗಮನಿಸಿ: ಒಂದು ಬೀಜ ಕಳೆದುಕೊಂಡ ಬಿಸಿ ತಟ್ಟೆಯ ರೀತಿಗಳು 5ರಿಂದ 4ಕ್ಕೆ ಇಳಿದವು, ಅಷ್ಟೇ. ಅದೇ ಬೀಜ ಪಡೆದ ತಂಪು ತಟ್ಟೆಯ ರೀತಿಗಳು 1ರಿಂದ 2ಕ್ಕೆ, ಅಂದರೆ ಇಮ್ಮಡಿಯಾದವು. ಇದ್ದವನಿಗೆ ಒಂದು ಹೋದರೆ ಹೆಚ್ಚು ತಿಳಿಯದು, ಇಲ್ಲದವನಿಗೆ ಒಂದು ಸಿಕ್ಕರೆ ಬಹಳವಾಗುತ್ತದೆ. ತಾಪದಿಂದ ಭಾಗಿಸುವುದರ ಅರ್ಥ ಇದೇ. ಇನ್ನೊಂದು ಬೀಜ ದಾಟಿಸಿದರೆ 3 × 3 = 9. ಮೂರನೆಯದನ್ನೂ ದಾಟಿಸಿದರೆ 2 × 4 = 8, ಮತ್ತೆ ಇಳಿಯಿತು. ನಾಲ್ಕೂ ದಾಟಿದರೆ 1 × 5 = 5. ಒಟ್ಟು ಸಾಧ್ಯತೆಗಳು 35. ಬೀಜಗಳು ಸುಮ್ಮನೆ ಅತ್ತಿತ್ತ ಓಡಾಡುತ್ತಿದ್ದರೆ ಎರಡೂ ಕಡೆ ಎರಡೆರಡು ಇರುವ ಸ್ಥಿತಿಯೇ ಹೆಚ್ಚು ಬಾರಿ ಕಾಣುತ್ತದೆ, ಏಕೆಂದರೆ ಅದಕ್ಕೆ ಹೆಚ್ಚು ರೀತಿಗಳಿವೆ. ಬೀಜಗಳನ್ನು ಯಾರೂ ಆ ಕಡೆಗೆ ತಳ್ಳುತ್ತಿಲ್ಲ.

ಇದೇ ಎಣಿಕೆಯ ದಾರಿಯನ್ನು ಬೋಲ್ಟ್ಸ್‌ಮನ್ 1877ರಲ್ಲಿ ತೋರಿಸಿದ್ದು. ವಿಯೆನ್ನಾದಲ್ಲಿರುವ ಆತನ ಸಮಾಧಿಯ ಮೇಲೆ S = k log W ಎಂದು ಕೆತ್ತಿದ್ದಾರೆ. W ಎಂದರೆ ನಮ್ಮ 5, 8, 9. ಎರಡು ತಟ್ಟೆಗಳ ರೀತಿಗಳನ್ನು ಗುಣಿಸುತ್ತೇವೆ, ಆದರೆ ಎಂಟ್ರೊಪಿಗಳನ್ನು ಕೂಡುತ್ತೇವೆ. ಗುಣಾಕಾರವನ್ನು ಸಂಕಲನವಾಗಿಸಲು ಲಾಗರಿದಮ್ ಬಂತು.

“ಬೀಜಗಳೆಲ್ಲ ಮತ್ತೆ ಮೊದಲ ತಟ್ಟೆಗೇ ಬರಬಹುದಲ್ಲ?” ಎಂದು ಮಕ್ಕಳು ಕೇಳುತ್ತಾರೆ. ಬರಬಹುದು. ನಾಲ್ಕು ಬೀಜಕ್ಕೆ ಆ ಸಾಧ್ಯತೆ 35ರಲ್ಲಿ 5, ಅಂದರೆ ಏಳರಲ್ಲಿ ಒಂದು. ಮೂರು ಮೂರು ಬಟ್ಟಲು, ಆರು ಬೀಜ ತೆಗೆದುಕೊಂಡರೆ 462ರಲ್ಲಿ 28, ಸುಮಾರು ಹದಿನಾರರಲ್ಲಿ ಒಂದು. 100 ಗ್ರಾಂ ನೀರಿನಲ್ಲಿರುವ ಅಣುಗಳ ಸಂಖ್ಯೆ 3ರ ಮುಂದೆ 24 ಸೊನ್ನೆ ಇಟ್ಟಷ್ಟು. ಅಲ್ಲಿ ಆ ಸಾಧ್ಯತೆಯನ್ನು ಕಾಯುತ್ತಾ ಕೂರುವುದರಲ್ಲಿ ಅರ್ಥವಿಲ್ಲ. ಎರಡನೇ ನಿಯಮದ ಬಲವೆಲ್ಲ ಈ ದೊಡ್ಡ ಸಂಖ್ಯೆಯಲ್ಲಿದೆ.

ಈಗ ಹಾಸ್ಟೆಲ್ ಕೋಣೆಗೆ ಬರೋಣ. ಮಡಿಸಿಟ್ಟ ಬಟ್ಟೆ ನೆಲದ ಮೇಲೆ ಹರಡಿದರೆ ಬಟ್ಟೆಯ ಎಂಟ್ರೊಪಿ ಏರುತ್ತದೆಯೇ? ಅದೇ ಬಟ್ಟೆ, ಅದೇ ತಾಪ. ಅದರ ಪರಮಾಣುಗಳ ನಡುವೆ ಶಕ್ತಿ ಹಂಚಿಕೊಳ್ಳುವ ರೀತಿಗಳು ಮಡಿಸಿದಾಗ ಎಷ್ಟೋ ಹರಡಿದಾಗಲೂ ಅಷ್ಟೇ. ಕಲಸಿದ ಇಸ್ಪೀಟಿನ ಕಟ್ಟಿಗೂ ಇದೇ ಮಾತು. ಅಮೆರಿಕದ ರಸಾಯನಶಾಸ್ತ್ರ ಅಧ್ಯಾಪಕ ಫ್ರಾಂಕ್ ಲ್ಯಾಂಬರ್ಟ್ 1999 ಮತ್ತು 2002ರಲ್ಲಿ ರಸಾಯನಶಾಸ್ತ್ರ ಬೋಧನೆಯ ಪತ್ರಿಕೆಯೊಂದರಲ್ಲಿ ಇದನ್ನೇ ವಾದಿಸಿ ಬರೆದರು. ಆ ಬಳಿಕ ಅಲ್ಲಿನ ಹಲವು ಪಠ್ಯಪುಸ್ತಕಗಳು ಈ ಉದಾಹರಣೆಗಳನ್ನು ಕೈಬಿಟ್ಟವು. ಕೋಣೆ ತಾನಾಗಿಯೇ ಹರಡುವುದೂ ಇಲ್ಲ, ನಾವೇ ಹರಡುತ್ತೇವೆ. ಪೀಠಿಕೆಯ ಉದಾಹರಣೆ ಪಾಠದ ಅಂಶವನ್ನು ತೋರಿಸಬೇಕು. ಇದು ಬೇರೆಯದನ್ನೇ ತೋರಿಸುತ್ತದೆ.

ಕನ್ನಡದಲ್ಲಿ ಪಾಠ ಮಾಡುವ ನಮಗೆ ಇನ್ನೂ ಒಂದು ತೊಡಕಿದೆ. ಉಷ್ಣಗತಿಶಾಸ್ತ್ರದಲ್ಲಿ ನಾವು ಅಧ್ಯಯನಕ್ಕೆ ಆರಿಸಿಕೊಂಡ ವಸ್ತುವನ್ನು ‘ವ್ಯವಸ್ಥೆ’ ಎನ್ನುತ್ತೇವೆ. ಅದರ ಎಂಟ್ರೊಪಿಯನ್ನು ‘ಅವ್ಯವಸ್ಥೆ’ ಎಂದರೆ ‘ವ್ಯವಸ್ಥೆಯ ಅವ್ಯವಸ್ಥೆ ಹೆಚ್ಚುತ್ತದೆ’ ಎಂಬ ವಾಕ್ಯ ಹುಟ್ಟುತ್ತದೆ. ನಾನು ಇದನ್ನು ತರಗತಿಯಲ್ಲಿ ಗಟ್ಟಿಯಾಗಿ ಹೇಳಿದ್ದೇನೆ, ಯಾರಿಗೂ ಏನೂ ಅರ್ಥವಾಗಲಿಲ್ಲ. ಅಲ್ಲದೆ ಬಸ್ ನಿಲ್ದಾಣದ ಅವ್ಯವಸ್ಥೆ, ಆಸ್ಪತ್ರೆಯ ಅವ್ಯವಸ್ಥೆ ಎಂದು ದಿನಪತ್ರಿಕೆಯಲ್ಲಿ ಓದುವ ಮಕ್ಕಳಿಗೆ ಆ ಪದದಲ್ಲಿ ಬೈಗುಳವೂ ಸೇರಿದೆ. ಎಂಟ್ರೊಪಿ ಏರುವುದು ಕೆಟ್ಟದ್ದು, ಯಾರೋ ಸರಿಮಾಡಬೇಕಾದದ್ದು ಎಂಬ ಭಾವನೆ ಬರುತ್ತದೆ. ನಾನೀಗ ‘ವ್ಯವಸ್ಥೆ’ಯ ಬದಲು ‘ವಸ್ತು’ ಮತ್ತು ‘ಸುತ್ತಣ’ ಎಂದೇ ಹೇಳುತ್ತೇನೆ.

ಈ ಪದವನ್ನು ಪೂರ್ತಿ ಹಳಿಯುವುದು ನ್ಯಾಯವಲ್ಲ. ಮಂಜುಗಡ್ಡೆ, ನೀರು, ಆವಿ ಇವುಗಳಲ್ಲಿ ಯಾವುದರ ಎಂಟ್ರೊಪಿ ಹೆಚ್ಚು ಎಂದು ಪರೀಕ್ಷೆಯಲ್ಲಿ ಕೇಳಿದರೆ ಅಣುಗಳ ಅಸ್ತವ್ಯಸ್ತತೆಯನ್ನು ನೆನೆದವರಿಗೆ ಸರಿಯುತ್ತರ ಸಿಗುತ್ತದೆ. ಪಠ್ಯಪುಸ್ತಕದಲ್ಲಿ ಆ ಪದ ಇರುವಾಗ ನಾವು ಅದನ್ನು ಹೇಳದೆ ಬಿಡುವಂತೆಯೂ ಇಲ್ಲ. ನನ್ನ ಮಾತು ಇಷ್ಟೇ: ಅದು ಪಾಠದ ಕೊನೆಯಲ್ಲಿ, ‘ಹೀಗೂ ಹೇಳುವುದುಂಟು, ಆದರೆ ಒಂದು ವಸ್ತುವನ್ನು ಮಾತ್ರ ನೋಡುವಾಗ’ ಎಂಬ ಎಚ್ಚರಿಕೆಯೊಂದಿಗೆ ಬರಲಿ.

‘ಹಂಚಿಕೆ’ ಎಂಬ ಪದಕ್ಕೂ ಎಚ್ಚರಿಕೆ ಬೇಕು. ಇದು ಸಮಪಾಲು ಎಂಬ ಅರ್ಥವಲ್ಲ. ಒಂದು ಬಿಂದಿಗೆ ನೀರು, ಒಂದು ಚಮಚ ನೀರು ಒಂದೇ ತಾಪಕ್ಕೆ ಬಂದು ನಿಂತಾಗ ಅವುಗಳ ಶಕ್ತಿ ಸಮವಾಗಿರುವುದಿಲ್ಲ, ಸಮವಾಗುವುದು ತಾಪ. ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ವಾಸನೆ ಹರಡುವಾಗ ಒಂದು ವಸ್ತುವಿನಿಂದ ಇನ್ನೊಂದಕ್ಕೆ ಉಷ್ಣ ಹರಿಯಬೇಕಿಲ್ಲ, ಆದರೂ ಎಂಟ್ರೊಪಿ ಏರುತ್ತದೆ. ಅಲ್ಲಿ q/T ಯಿಂದ ನೇರ ಲೆಕ್ಕ ಸಿಗದು. ವಾಸನೆಯ ಅಣುಗಳಿಗೆ, ಅವು ಹೊತ್ತ ಶಕ್ತಿಗೆ ಇರಬಹುದಾದ ಜಾಗಗಳು ಹೆಚ್ಚಾದವು, ಅದರಿಂದ ರೀತಿಗಳ ಎಣಿಕೆ ಏರಿತು ಎನ್ನಬೇಕು. ಕೊನೆಗೂ ಆಧಾರ ಎಣಿಕೆಯೇ. ‘ಹಂಚಿಕೆ’ ಆ ಎಣಿಕೆಗೆ ಹತ್ತಿರದ ಪದ, ‘ಅವ್ಯವಸ್ಥೆ’ ದೂರದ್ದು.

ಇದೇ ಪಾಠವನ್ನು ಪಕ್ಕದ ವಿಭಾಗಕ್ಕೆ ಬೀಜಗಳೊಂದಿಗೆ ಮಾಡಿದೆ. ಅಲ್ಲಿ ಆದ ಎಡವಟ್ಟುಗಳನ್ನೂ ಹೇಳಬೇಕು. ಒಂದು ಗುಂಪು ಬೀಜಗಳಿಗೆ ಪೆನ್ನಿನಿಂದ ಒಂದು, ಎರಡು ಎಂದು ಗುರುತು ಹಾಕಿಕೊಂಡಿತು. ಹಾಗೆ ಮಾಡಿದರೆ ಸಾಧ್ಯತೆಗಳು 35 ಆಗದೆ 256 ಆಗುತ್ತವೆ, ಎಣಿಕೆ ಮುಗಿಯುವುದೇ ಇಲ್ಲ. ಶಕ್ತಿಯ ಪಾಲುಗಳಿಗೆ ಗುರುತಿಲ್ಲ, ಯಾವ ಬಟ್ಟಲಲ್ಲಿ ಎಷ್ಟು ಎಂಬುದನ್ನು ಮಾತ್ರ ಬರೆಯಿರಿ ಎಂದು ಮೊದಲೇ ಹೇಳಬೇಕಿತ್ತು. 35ನ್ನೂ ಎಲ್ಲರಿಂದ ಬರೆಸಲು ಹೋಗಿ ಅರ್ಧ ಅವಧಿ ಕಳೆಯಿತು. ಐದು ಗುಂಪು ಮಾಡಿ, ಒಂದೊಂದು ಹಂಚಿಕೆಯನ್ನು ಒಂದೊಂದು ಗುಂಪಿಗೆ ಕೊಟ್ಟು, ಹಲಗೆಯ ಮೇಲೆ ಕೂಡಿಸಿದರೆ ಹತ್ತು ನಿಮಿಷ ಸಾಕು. ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಗಾಳಿ ಮೈನಸ್ 10 ಡಿಗ್ರಿಗೆ ಇಳಿದರೆ ಮೊತ್ತ ಎಷ್ಟು? ಉತ್ತರ ಪ್ಲಸ್ 4.7. ನೀರಿನ ಸಾಲನ್ನು ಮಾತ್ರ ಬರೆದು ನಿಲ್ಲಿಸಿದವರು ಯಾರೆಂದು ಉತ್ತರ ಪತ್ರಿಕೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಅವರಿಗೆ ಹೇಳಬೇಕಾದದ್ದು ನನಗೆ ನನ್ನ ಉಪನ್ಯಾಸಕರು ಬರೆದ ಅದೇ ಸಾಲು.

ಮೊದಲ ವಿಭಾಗಕ್ಕೆ ಮರುದಿನ ಹೋಗಿ ಸರೋವರದ ಲೆಕ್ಕವನ್ನು ಹಲಗೆಯ ಮೇಲೆ ಮಾಡಿದೆ. ಹಿಂದಿನ ದಿನ ನಾನು ಹೇಳಿದ್ದು ತಪ್ಪು ಎಂದೂ ಹೇಳಿದೆ. ಆ ಹುಡುಗಿ ಲೆಕ್ಕವನ್ನು ಬರೆದುಕೊಂಡು, ಸ್ವಲ್ಪ ಹೊತ್ತು ನೋಡಿ, “ಹಾಗಾದ್ರೆ ಐಸ್ ಆಗೋಕೆ ಬಿಡೋದು ಗಾಳಿ, ನೀರಲ್ಲ” ಎಂದಳು. ನಾನು ಎರಡು ಅವಧಿಯಲ್ಲಿ ಹೇಳಲು ಹೆಣಗಿದ್ದನ್ನು ಅವಳು ಒಂದೇ ವಾಕ್ಯದಲ್ಲಿ ಹೇಳಿದಳು. ಮುಂದಿನ ಪಾಠಯೋಜನೆಯ ಪೀಠಿಕೆಯಲ್ಲಿ ಕೋಣೆಯ ಜಾಗದಲ್ಲಿ ಅವಳ ಪ್ರಶ್ನೆಯನ್ನು ಬರೆದಿದ್ದೇನೆ.